ಗೆಳತಿಗೆ ಮಗುವಾದಾಗ ಬರೆಯುವ ನಾಲ್ಕು ಸಾಲು: ಯಾವುದನ್ನು ಆರಿಸಿಕೊಳ್ಳಬೇಕು?

ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಹಳೆಯ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನನ್ನ ಗೆಳತಿಯ ಗಂಡ ಒಂದು ಸಾಲು ಹಾಕಿದ್ದರು: “ಹೆಣ್ಣು ಮಗು. 2.9 ಕೆ.ಜಿ. ತಾಯಿ, ಮಗು ಇಬ್ಬರೂ ಕ್ಷೇಮ.” ಮಧ್ಯಾಹ್ನದ ಹೊತ್ತಿಗೆ ಅದರ ಕೆಳಗೆ ನಲವತ್ತಕ್ಕೂ ಹೆಚ್ಚು ಉತ್ತರಗಳು ಸೇರಿದ್ದವು, ಮತ್ತು ಅವುಗಳಲ್ಲಿ ಹೆಚ್ಚಿನವನ್ನು ಯಾರು ಬರೆದರೆಂಬುದನ್ನು ಹೆಸರು ಮುಚ್ಚಿ ಓದಿದರೆ ಹೇಳಲು ಸಾಧ್ಯವಿರಲಿಲ್ಲ. ಬರೆದವರಿಗೆಲ್ಲ ಅವಳ ಮೇಲೆ ನಿಜವಾದ ಪ್ರೀತಿಯಿತ್ತು. ಆದರೆ ಆ ಪ್ರೀತಿ ಅವರ ಸಾಲುಗಳೊಳಗೆ ಇಳಿದಿರಲಿಲ್ಲ. ಆ ದಿನ ನಾನು ಅವಳಿಗೆ ಬರೆಯಲು ಕುಳಿತು ಎರಡು ಬಾರಿ ಬರೆದು ಅಳಿಸಿ, ಮೂರನೆಯದನ್ನು ಕಳುಹಿಸಿದೆ. ಅಲ್ಲಿಂದಾಚೆಗೆ ಇಂಥ ಸಂದರ್ಭ ಬಂದಾಗಲೆಲ್ಲ ಎದುರಾಗುವ ಆಯ್ಕೆಗಳನ್ನು ಒಂದರ ಪಕ್ಕ ಒಂದಿಟ್ಟು ಇಲ್ಲಿ ಬರೆಯುತ್ತಿದ್ದೇನೆ.

ಆಯ್ಕೆಗಳು ಎರಡು ಬಗೆಯವು. ಏನು ಬರೆಯಬೇಕೆಂಬುದು ಒಂದು, ಯಾವ ದಾರಿಯಲ್ಲಿ ತಲುಪಿಸಬೇಕೆಂಬುದು ಇನ್ನೊಂದು. ಹಲವರು ಎರಡನೆಯದನ್ನು ಮೊದಲು ಯೋಚಿಸುತ್ತಾರೆ, ಕಾರ್ಡು ಕೊಟ್ಟರೆ ಆತ್ಮೀಯವಾಗುತ್ತದೆ, ಗುಂಪಿನಲ್ಲಿ ಹಾಕಿದರೆ ಆಗುವುದಿಲ್ಲ ಎಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಮೊದಲನೆಯದೇ ಹೆಚ್ಚು ತೂಕದ್ದು.

ಹಾರೈಕೆ, ನೆನಪು, ನೆರವಿನ ಮಾತು

ಮಗು ಹುಟ್ಟಿದ ಸುದ್ದಿಗೆ ಬರೆಯುವ ಯಾವುದೇ ಸಂದೇಶವನ್ನು ಬಿಡಿಸಿ ನೋಡಿದರೆ ಅದರಲ್ಲಿ ಮೂರು ಬಗೆಯ ಮಾತುಗಳು ಕಾಣುತ್ತವೆ. “ಮಗುವಿಗೆ ಆಯುಸ್ಸು, ಆರೋಗ್ಯ ಸಿಗಲಿ” ಎಂಬುದು ಹಾರೈಕೆ. “ಆ ದಿನ ನೀನು ಹೀಗೆ ಮಾಡಿದ್ದೆ” ಎಂಬುದು ನೆನಪು. “ನಾಳೆ ಇಂಥದ್ದನ್ನು ತಂದುಕೊಡುತ್ತೇನೆ” ಎಂಬುದು ನೆರವಿನ ಮಾತು. ಎಲ್ಲಿಂದಲೋ ಎತ್ತಿಕೊಂಡಂತೆ ತೋರುವ ಸಂದೇಶಗಳೆಲ್ಲ ಬಹುತೇಕ ಹಾರೈಕೆಯಿಂದಷ್ಟೇ ಆಗಿರುತ್ತವೆ, ಮತ್ತು ಅದಕ್ಕೆ ಕಾರಣ ಸ್ಪಷ್ಟವಾಗಿದೆ. ಹುಟ್ಟಿ ಮೂರು ಗಂಟೆಯಾದ ಮಗುವಿನ ಬಗ್ಗೆ ನಮಗೆ ಏನೂ ಗೊತ್ತಿರುವುದಿಲ್ಲ. ಅದರ ದನಿ ಕೇಳಿಲ್ಲ, ಮುಖ ನೋಡಿಲ್ಲ, ಹೆಸರು ಇನ್ನೂ ಇಟ್ಟಿಲ್ಲ. ಆದ್ದರಿಂದ ಮಗುವಿನ ಬಗ್ಗೆಯೇ ಬರೆಯಹೊರಟರೆ ಪುಟ್ಟ ಕೈ, ಪುಟ್ಟ ಪಾದ, ಮನೆ ಬೆಳಗುವ ನಗು ಎಂದು ಎಲ್ಲ ಮಕ್ಕಳಿಗೂ ಹೊಂದುವ ಮಾತುಗಳೇ ಕೈಗೆ ಸಿಗುತ್ತವೆ. ನಮಗೆ ಗೊತ್ತಿರುವುದು ಗೆಳತಿ. ಅವಳ ಬಗ್ಗೆ ಬರೆದ ಒಂದು ನಿಜವಾದ ಸಾಲು ಮಗುವಿನ ಬಗ್ಗೆ ಬರೆದ ಹತ್ತು ಸಾಲುಗಳಿಗಿಂತ ಹತ್ತಿರದ್ದಾಗಿರುತ್ತದೆ.

ಹಾಗೆಂದು ಹಾರೈಕೆಯನ್ನು ಬಿಟ್ಟುಬಿಡಬೇಕಾಗಿಲ್ಲ. ನಮ್ಮಲ್ಲಿ ಮಗು ಹುಟ್ಟಿದ ಮನೆಗೆ ಒಳ್ಳೆಯ ಮಾತು ಹೇಳದೆ ಇರುವುದು ಒರಟಾಗಿ ಕಾಣುತ್ತದೆ, ಹಿರಿಯರು ಓದುವ ಸಾಧ್ಯತೆಯಿದ್ದರೆ ಇನ್ನೂ ಹೆಚ್ಚು. ಆದರೆ ಹಾರೈಕೆ ಒಂದೇ ಸಾಲಾಗಿದ್ದು, ನೆನಪಿನ ನಂತರ ಬಂದರೆ ಅದೇ ಹಳೆಯ ಮಾತಿಗೂ ಹೊಸ ಬಲ ಬರುತ್ತದೆ. “ಇಬ್ಬರೂ ಚೆನ್ನಾಗಿರಿ” ಎಂಬ ಎರಡು ಪದಗಳು ಮೊದಲ ಸಾಲಿನಲ್ಲಿದ್ದರೆ ಕಣ್ಣು ಅವನ್ನು ದಾಟಿ ಹೋಗುತ್ತದೆ, ಕೊನೆಯಲ್ಲಿದ್ದರೆ ನಿಂತು ಓದುತ್ತದೆ.

ನೆರವಿನ ಮಾತಿನಲ್ಲಿ ಜನ ಸಾಮಾನ್ಯವಾಗಿ ಎಡವುವುದು “ಏನಾದರೂ ಬೇಕಿದ್ದರೆ ಹೇಳು” ಎಂಬ ಸಾಲಿನಲ್ಲಿ. ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು ಅದು, ಆದರೆ ಏನು ಬೇಕೆಂದು ಯೋಚಿಸುವ, ಕೇಳುವ, ಕೇಳಲು ಸಂಕೋಚಪಡುವ ಕೆಲಸವನ್ನೆಲ್ಲ ಅದು ಬಾಣಂತಿಯ ಮೇಲೇ ಹೊರಿಸುತ್ತದೆ. ಬದಲಿಗೆ ಒಂದು ವಸ್ತು, ಒಂದು ದಿನ, ಒಂದು ಹೊತ್ತು ಹೇಳಿದರೆ ಅವಳು ಬೇಡವೆಂದರೆ ಬೇಡವೆನ್ನಬಹುದು, ಇಲ್ಲವಾದರೆ ಸುಮ್ಮನಿರಬಹುದು. ಆ ವಸ್ತು ಬಾಣಂತಿಯ ಊಟವಾಗದಿರುವುದು ಒಳ್ಳೆಯದು. ಬಾಣಂತನದಲ್ಲಿ ಏನು ತಿನ್ನಬೇಕು, ಏನು ತಿನ್ನಬಾರದು ಎಂಬುದನ್ನು ಪ್ರತಿ ಮನೆಯ ಹಿರಿಯರೂ ತಮ್ಮದೇ ರೀತಿಯಲ್ಲಿ ನಿರ್ಧರಿಸುತ್ತಾರೆ, ಒಂದು ಮನೆಯಲ್ಲಿ ದಿನವೂ ಬಡಿಸುವ ತರಕಾರಿ ಇನ್ನೊಂದು ಮನೆಯಲ್ಲಿ ಮೂರು ತಿಂಗಳು ಒಳಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಅವಳ ಪಕ್ಕದ ಕಿರಿದಾದ ಮಂಚದಲ್ಲಿ ಮಲಗಿ ಎದ್ದ ಅವಳ ತಾಯಿಗೆ ಬೆಳಗಿನ ಇಡ್ಲಿ, ಕಾಫಿ ತರುತ್ತೇನೆಂದರೆ ಅದಕ್ಕೆ ಯಾರ ಪಥ್ಯವೂ ಅಡ್ಡಬರುವುದಿಲ್ಲ. ಬೆಂಗಳೂರಿನಲ್ಲಿ ಇನ್ನೊಂದನ್ನೂ ಲೆಕ್ಕ ಹಾಕಬೇಕು. ಬನಶಂಕರಿಯಿಂದ ಮಲ್ಲೇಶ್ವರಕ್ಕಾದರೆ ಹಸಿರು ಮಾರ್ಗದ ಮೆಟ್ರೊದಲ್ಲಿ ಎಂಟು ಗಂಟೆಗೆ ಬರುತ್ತೇನೆಂದು ಧೈರ್ಯವಾಗಿ ಬರೆಯಬಹುದು. ರಸ್ತೆಯ ಮೇಲೆ ಊರಿನ ಆ ತುದಿಯಿಂದ ಈ ತುದಿಗೆ ಹೋಗಬೇಕಿದ್ದರೆ ಹೊತ್ತನ್ನು ಹೇಳದೆ ದಿನವನ್ನಷ್ಟೇ ಹೇಳುವುದು ಸರಿ, ಏಕೆಂದರೆ ಉಳಿಸಿಕೊಳ್ಳದ ಮಾತು ಬರೆಯದೇ ಇದ್ದ ಮಾತಿಗಿಂತ ಕೆಟ್ಟದ್ದು.

ಕನ್ನಡವೇ ಗುಟ್ಟು ಬಿಟ್ಟುಕೊಡುವ ಕಡೆಗಳು

ಎತ್ತಿಕೊಂಡ ಸಂದೇಶವನ್ನು ಕನ್ನಡದಲ್ಲಿ ಗುರುತಿಸುವುದು ಬಹಳ ಸುಲಭ, ಏಕೆಂದರೆ ನಮ್ಮ ಭಾಷೆಯಲ್ಲಿ ಎದುರಿಗಿರುವವರು ಯಾರೆಂಬುದು ಪ್ರತಿ ಕ್ರಿಯಾಪದದಲ್ಲೂ ಕಾಣುತ್ತದೆ. ಎಲ್ಲರಿಗೂ ಹೊಂದಲೆಂದು ಬರೆದಿಟ್ಟ ಸಾಲುಗಳಲ್ಲಿ “ತಮಗೆ”, “ನಿಮ್ಮ ಕುಟುಂಬಕ್ಕೆ”, “ಸ್ವೀಕರಿಸಿ” ಎಂದಿರುತ್ತದೆ. ಹತ್ತು ವರ್ಷ “ಕಣೇ”, “ಬಾರೇ” ಎಂದು ಮಾತಾಡಿಸಿದ ಗೆಳತಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ “ತಮಗೆ ಹಾರ್ದಿಕ ಶುಭಾಶಯಗಳು” ಎಂದು ಬರೆದರೆ, ಆ ಸಾಲು ನಮ್ಮದಲ್ಲವೆಂದು ಅವಳಿಗೆ ಮೊದಲ ಪದದಲ್ಲೇ ತಿಳಿಯುತ್ತದೆ. ನೀನು ಎನ್ನುವವಳಿಗೆ ನೀನು ಎಂದೇ ಬರೆಯಬೇಕು. ಮಂಗಳೂರಿನ ಕಡೆಯವಳಾಗಿದ್ದು ಅವಳನ್ನು “ಮಾರಾಯ್ತಿ” ಎನ್ನುತ್ತಿದ್ದರೆ ಆ ಪದವೂ ಬರಲಿ. ಅವಳೂ ಗಂಡನೂ ಇಬ್ಬರೂ ಓದುವ ಸಂದೇಶವಾದರೆ, ಅವಳಿಗೆ ನೀನು ಎಂದೂ ಅವರಿಗೆ ನೀವು ಎಂದೂ ಎರಡು ಬೇರೆ ಸಾಲು ಬರೆಯುವುದು ಇಬ್ಬರನ್ನೂ ಒಂದೇ ಬಹುವಚನದಲ್ಲಿ ಸೇರಿಸುವುದಕ್ಕಿಂತ ಹತ್ತಿರವೆನಿಸುತ್ತದೆ.

ಕನ್ನಡ ಕೊಡುವ ಇನ್ನೊಂದು ಅನುಕೂಲ “ಮಗು” ಎಂಬ ಪದದ್ದು. ಹುಟ್ಟುವ ಮೊದಲು ಭ್ರೂಣದ ಲಿಂಗ ಪತ್ತೆ ಮಾಡುವುದು ನಮ್ಮಲ್ಲಿ 1994ರ ಕಾಯ್ದೆಯಂತೆ ನಿಷಿದ್ಧವಾಗಿರುವುದರಿಂದ ಹೆಣ್ಣೋ ಗಂಡೋ ಎಂಬುದು ತಂದೆತಾಯಿಗೂ ಹೆರಿಗೆಯ ಹೊತ್ತಿಗೇ ತಿಳಿಯುವಂಥದ್ದು. ಹಾಗಾಗಿ ಸುದ್ದಿ ಕೇಳಿದ ಎಲ್ಲರೂ ಮೊದಲು ಅದನ್ನೇ ಕೇಳುತ್ತಾರೆ. ಸುದ್ದಿಯಲ್ಲಿ ಅದು ಬಂದಿರದಿದ್ದರೆ ಕೇಳಬೇಕಾದ ಅಗತ್ಯವೇ ಇಲ್ಲ, “ಮಗು ಬಂತಂತೆ”, “ಕೂಸು ಮಲಗಿದೆಯಾ” ಎಂದು ನಪುಂಸಕಲಿಂಗದಲ್ಲೇ ಪ್ರೀತಿಯಿಂದ ಬರೆಯಲು ನಮ್ಮ ಭಾಷೆ ಬಿಡುತ್ತದೆ. ಗೊತ್ತಾದ ಮೇಲೆ “ಮಗಳು” ಅಥವಾ “ಮಗ” ಎಂದು ಬರೆದರೆ ಸಾಕು. “ಮಹಾಲಕ್ಷ್ಮಿ ಬಂದಳು” ಎಂಬ ಮಾತನ್ನು ಎಷ್ಟೋ ಮನೆಗಳಲ್ಲಿ ಮನಃಪೂರ್ವಕವಾಗಿಯೇ ಹೇಳುತ್ತಾರೆ. ಆದರೆ ಹೆಣ್ಣಾಯಿತೆಂದು ಸಮಾಧಾನ ಹೇಳುವ ದನಿಯಲ್ಲೂ ಅದೇ ಮಾತು ಬಳಕೆಯಾಗಿರುವುದರಿಂದ, ಬರಹದಲ್ಲಿ ದನಿ ಕೇಳಿಸದ ಕಾರಣ ನಾನು ಅದನ್ನು ಬಿಡುತ್ತೇನೆ.

ಅಭಿನಂದನೆ, ಶುಭಾಶಯ ಎಂಬ ಎರಡು ಪದಗಳೂ ಒಂದೇ ಅಲ್ಲ. ಆದದ್ದಕ್ಕೆ ಸಂತೋಷ ಸೂಚಿಸುವುದು ಅಭಿನಂದನೆ, ಮುಂದಾಗಬೇಕಾದ್ದನ್ನು ಬಯಸುವುದು ಶುಭಾಶಯ. ಆದರೂ ಗೆಳತಿಗೆ ಬರೆಯುವಾಗ ಇವೆರಡೂ ಇಲ್ಲದೆ “ಓದಿ ತುಂಬಾ ಖುಷಿಯಾಯ್ತು ಕಣೇ” ಎಂದರೆ ಎರಡರ ಕೆಲಸವೂ ಆಗಿಬಿಡುತ್ತದೆ.

ಫೋಟೊ ಬಂದಾಗ ಮಗುವಿನ ರೂಪವನ್ನು, ಮೈಕಟ್ಟನ್ನು ಹೊಗಳುವುದರಲ್ಲಿ ಸ್ವಲ್ಪ ಬಿಗಿ ಇರಲಿ. “ದುಂಡುದುಂಡಗಿದೆ”, “ಎಷ್ಟು ಬೆಳ್ಳಗಿದೆ” ಎಂಬ ಮಾತು ದೃಷ್ಟಿಗೆ ಅಂಜುವ ಅಜ್ಜಿಯರಿಗೆ ಕಸಿವಿಸಿ ತರುತ್ತದೆ. ಬಣ್ಣದ ಮಾತಂತೂ ಯಾವ ಮಗುವಿಗೂ ಬೇಡ.

ನಾಲ್ಕು ದಾರಿಗಳು

ಗುಂಪಿನಲ್ಲೇ ಉತ್ತರಿಸುವುದು ಎಲ್ಲಕ್ಕಿಂತ ಸುಲಭ, ಮತ್ತು ಅದಕ್ಕೂ ಒಂದು ಉಪಯೋಗವಿದೆ: ಸುದ್ದಿ ತಲುಪಿತೆಂದು ತಿಳಿಸುವುದು. ಅಲ್ಲಿ ಒಂದು ಸಣ್ಣ ಸಾಲು ಸಾಕು, ನೆನಪು ಬೇಡ. ನಲವತ್ತು ಜನರ ಮುಂದೆ ಹೇಳಿದ ಆತ್ಮೀಯ ನೆನಪು ಅವಳಿಗೆ ಹೇಳಿದಂತಾಗದೆ ಉಳಿದವರಿಗೆ ತೋರಿಸಿದಂತಾಗುತ್ತದೆ. ಚಿತ್ರದ ಮೇಲೆ ಅಕ್ಷರ ಬರೆದ ಸಿದ್ಧ ಶುಭಾಶಯವನ್ನು ಇನ್ನೊಂದು ಕಡೆಯಿಂದ ದಾಟಿಸಿದರೆ ಅದರ ನೆತ್ತಿಯ ಮೇಲೇ ಫಾರ್ವರ್ಡ್ ಆದದ್ದೆಂಬ ಗುರುತು ಇರುತ್ತದೆ, 2018ರಿಂದ ವಾಟ್ಸ್‌ಆ್ಯಪ್ ಅದನ್ನು ತೋರಿಸುತ್ತ ಬಂದಿದೆ. ನಕಲು ಮಾಡಿ ಅಂಟಿಸಿದರೆ ಆ ಗುರುತು ಬರುವುದಿಲ್ಲ ನಿಜ, ಆದರೆ ಅದೇ ಸಾಲನ್ನು ಅವಳು ಅದೇ ದಿನ ಇನ್ನಿಬ್ಬರಿಂದ ಪಡೆದಿದ್ದರೆ ಗುರುತಿನ ಅಗತ್ಯವೂ ಇರುವುದಿಲ್ಲ.

ಅವಳಿಗೊಬ್ಬಳಿಗೇ ಬರೆದ ಸಂದೇಶ ಮೊದಲ ದಿನಕ್ಕೆ ಎಲ್ಲಕ್ಕಿಂತ ಹೊಂದುವ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ನವಜಾತ ಶಿಶು ದಿನಕ್ಕೆ 8ರಿಂದ 12 ಬಾರಿ ಹಾಲು ಕುಡಿಯುತ್ತದೆ, ಅಂದರೆ ಹಗಲು ರಾತ್ರಿ ಎನ್ನದೆ ಎರಡು ಮೂರು ಗಂಟೆಗೊಮ್ಮೆ ಅವಳು ಮಗುವನ್ನು ಎತ್ತಿಕೊಂಡು ಕುಳಿತಿರುತ್ತಾಳೆ. ಆ ಹೊತ್ತಿನಲ್ಲಿ ಒಂದು ಕೈ ಖಾಲಿ ಇದ್ದರೆ ಹೆಚ್ಚು, ಸದ್ದು ಮಾಡುವಂತಿಲ್ಲ, ದೀಪ ಮಂದವಾಗಿರುತ್ತದೆ. ಅಂಥಲ್ಲಿ ಓದಲು ಆಗುವುದು ಪರದೆಯಲ್ಲಿ ಒಂದೇ ನೋಟಕ್ಕೆ ಸಿಗುವಷ್ಟು ಬರಹ, ಐವತ್ತು ಪದಗಳ ಆಸುಪಾಸು. ಅದಕ್ಕಿಂತ ಉದ್ದವಾಗಿ “ಇನ್ನಷ್ಟು ಓದಿ” ಎಂಬಲ್ಲಿ ಒತ್ತಬೇಕಾಗಿ ಬಂದರೆ ಅದು ಆಮೇಲೆ ಓದುವ ಸಾಲಿಗೆ ಸೇರಿ ಕೆಳಗಿಳಿಯುತ್ತದೆ.

ಧ್ವನಿ ಸಂದೇಶ ಸ್ವಭಾವತಃ ನಕಲಾಗದಂಥದ್ದು. ನಮ್ಮ ದನಿಯೇ ಸಹಿ. ಆದರೆ ಮೊದಲ ವಾರದಲ್ಲಿ ಅದನ್ನು ಕೇಳುವುದು ಓದುವುದಕ್ಕಿಂತ ಕಷ್ಟ, ಏಕೆಂದರೆ ಮಗು ಮಲಗಿರುತ್ತದೆ, ಕೋಣೆಯಲ್ಲಿ ಅತ್ತೆಯೋ ಅಮ್ಮನೋ ಇರುತ್ತಾರೆ, ಇಯರ್‌ಫೋನ್ ಎಲ್ಲಿದೆಯೋ ತಿಳಿಯದು. ನಮ್ಮ ಮಾತಿನಲ್ಲಿ ಹಾಸ್ಟೆಲ್ ದಿನಗಳ ಸಂಗತಿ ಏನಾದರೂ ಇದ್ದರೆ ಅದನ್ನು ಎಲ್ಲರೂ ಕೇಳುತ್ತಾರೆ. ಹತ್ತು ಹದಿನೈದು ದಿನ ಕಳೆದು, ಅವಳು ತವರುಮನೆ ಸೇರಿ, ಮಧ್ಯಾಹ್ನಗಳು ಉದ್ದವಾಗತೊಡಗಿದಾಗ ಒಂದು ನಿಮಿಷದ ಧ್ವನಿ ಸಂದೇಶಕ್ಕೆ ಸಿಗುವ ಬೆಲೆಯೇ ಬೇರೆ. ಆಗ ಅವಳಿಗೆ ಬೇಕಾಗಿರುವುದು ಮಗುವಿನ ಮಾತಲ್ಲ, ಹೊರಗಿನ ಲೋಕದ ಮಾತು.

ಕೈಯಿಂದ ಬರೆದ ಕಾಗದವನ್ನು ನಾನು ನಾಮಕರಣದವರೆಗೆ ಕಾಯಿಸುತ್ತೇನೆ. ಕೆಲವು ಮನೆಗಳಲ್ಲಿ ಅದು ಹನ್ನೊಂದು ಅಥವಾ ಹನ್ನೆರಡನೆಯ ದಿನ, ಇನ್ನು ಕೆಲವು ಮನೆಗಳಲ್ಲಿ ತಿಂಗಳುಗಳ ನಂತರ. ಹೆಸರು ಇಟ್ಟ ಮೇಲೆ ಬರೆದರೆ ಲಕೋಟೆಯ ಮೇಲೆ ತಾಯಿಯ ಹೆಸರಿನ ಕೆಳಗೆ ಮಗುವಿನ ಹೆಸರನ್ನೂ ಬರೆಯಬಹುದು, ಪ್ರಾಯಶಃ ಆ ಹೆಸರಿಗೆ ಅಂಚೆಯಲ್ಲಿ ಬರುವ ಮೊದಲ ಕಾಗದ ಅದೇ ಆಗಿರುತ್ತದೆ. ಅವೆನ್ಯೂ ರಸ್ತೆಯಲ್ಲಿ ಒಳಗೆ ಏನೂ ಅಚ್ಚಾಗದ ಖಾಲಿ ಕಾರ್ಡುಗಳನ್ನು ಹುಡುಕಿಕೊಳ್ಳಬಹುದು. ಒಳಗೆ ಪದ್ಯ ಅಚ್ಚಾಗಿರುವ ಕಾರ್ಡಿನಲ್ಲಿ ನಮ್ಮ ಬರಹ ಅಂಚಿಗೆ ಸರಿದು ಸಹಿಯಷ್ಟೇ ಆಗಿಬಿಡುತ್ತದೆ. ಕಾಗದ ಹೋಗಬೇಕಾದ ವಿಳಾಸ ತವರಿನದೋ ಬೆಂಗಳೂರಿನ ಮನೆಯದೋ ಎಂಬುದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ಬಾಣಂತನಕ್ಕೆಂದು ಊರಿಗೆ ಹೋದವಳು ಮೂರರಿಂದ ಐದು ತಿಂಗಳು ಅಲ್ಲೇ ಇರುವುದುಂಟು.

ಮೂರು ಕರಡು

ಈಗ ನನ್ನ ಗೆಳತಿಯ ಪ್ರಸಂಗಕ್ಕೆ ಬರುತ್ತೇನೆ. ಮಲ್ಲೇಶ್ವರದ ಒಂದು ಪಿ.ಜಿ.ಯಲ್ಲಿ ನಾವಿಬ್ಬರೂ ಎರಡು ವರ್ಷ ಒಂದೇ ಕೋಣೆಯಲ್ಲಿದ್ದೆವು. ಆ ಬೆಳಿಗ್ಗೆ ನಾನು ಮೊದಲು ಬರೆದದ್ದು ಹೀಗಿತ್ತು:

“ಹಾರ್ದಿಕ ಅಭಿನಂದನೆಗಳು! ನಿಮ್ಮ ಮನೆಗೆ ಪುಟ್ಟ ಲಕ್ಷ್ಮಿ ಬಂದಿದ್ದಾಳೆ. ಕಂದಮ್ಮನಿಗೆ ದೇವರು ಆಯುರಾರೋಗ್ಯ ಕೊಟ್ಟು ಕಾಪಾಡಲಿ. ನಿಮಗೂ ಒಳ್ಳೆಯದಾಗಲಿ.”

ಇದರಲ್ಲಿ ತಪ್ಪು ಮಾತೇನೂ ಇಲ್ಲ. ಆದರೆ ಇದನ್ನು ಕಚೇರಿಯ ಸಹೋದ್ಯೋಗಿಗೆ, ಪಕ್ಕದ ಮನೆಯವರಿಗೆ, ದೂರದ ನೆಂಟರಿಗೆ ಒಂದಕ್ಷರ ಬದಲಿಸದೆ ಕಳುಹಿಸಬಹುದಿತ್ತು. ಈಗಲೂ ನಾನು ಮಾಡುವ ಪರೀಕ್ಷೆ ಇದೊಂದೇ: ಬರೆದದ್ದನ್ನು ಮನಸ್ಸಿನಲ್ಲೇ ಇನ್ನೊಬ್ಬರಿಗೆ ಕಳುಹಿಸಿ ನೋಡುವುದು. ಅಲ್ಲಿಯೂ ಅದು ಸರಿಯಾಗಿ ಕೂತರೆ, ಅದು ಇವಳಿಗಾಗಿ ಬರೆದದ್ದಲ್ಲ. ಅಳಿಸಿ ಎರಡನೆಯದನ್ನು ಬರೆದೆ:

“ಮಲ್ಲೇಶ್ವರದ ದಿನಗಳು ನೆನಪಾಗ್ತಿವೆ ಕಣೇ. ಸಂಪಿಗೆ ರಸ್ತೆಯಲ್ಲಿ ಸುತ್ತಿದ್ದು, ರಾತ್ರಿ ಮಾತಾಡ್ತಾ ಕೂತಿದ್ದು, ನಂಗೆ ಡೆಂಗಿ ಜ್ವರ ಬಂದಾಗ ನೀನು ನೋಡ್ಕೊಂಡಿದ್ದು, ಆಮೇಲೆ ನಾನು ಕೆಲಸ ಬಿಟ್ಟು ಊರಿಗೆ ಹೋಗಿದ್ದು, ಎಷ್ಟು ಬೇಗ ವರ್ಷಗಳು ಕಳೆದವು! ಈಗ ನೀನು ಅಮ್ಮ ಅಂದ್ರೆ ನಂಬಕ್ಕೇ ಆಗ್ತಿಲ್ಲ.”

ಇದು ಬೇರೆ ಯಾರಿಗೂ ಹೊಂದುವುದಿಲ್ಲ, ನಿಜ. ಆದರೆ ಓದಿ ನೋಡಿದಾಗ ಇದು ನನ್ನ ಬಗ್ಗೆಯೇ ಇತ್ತು. ನಾಲ್ಕು ನೆನಪುಗಳು ಒಂದರ ಮೇಲೊಂದು ಬಿದ್ದು ಯಾವುದೂ ನಿಂತಿರಲಿಲ್ಲ, ಮತ್ತು ಹೆತ್ತು ಮಲಗಿರುವವಳೂ ಅವಳ ಮಗಳೂ ಕೊನೆಯ ಸಾಲಿನವರೆಗೆ ಕಾಯಬೇಕಿತ್ತು. ಎಲ್ಲ ಬಿಟ್ಟು ಜ್ವರದ ರಾತ್ರಿಯೊಂದನ್ನೇ ಉಳಿಸಿಕೊಂಡೆ, ಏಕೆಂದರೆ ಆ ನಾಲ್ಕರಲ್ಲಿ ಮಗುವಿನವರೆಗೆ ದಾರಿಯಿದ್ದದ್ದು ಅದಕ್ಕೆ ಮಾತ್ರ. ಕಳುಹಿಸಿದ್ದು ಇದು:

“ಮಗಳು ಬಂದಳಂತೆ, ಬೆಳಿಗ್ಗೆ ಓದಿದೆ ಕಣೇ. ಓದಿದ ಕೂಡಲೇ ನಂಗೆ ಡೆಂಗಿ ಬಂದಿತ್ತಲ್ಲ, ಆ ರಾತ್ರಿ ನೆನಪಾಯ್ತು. ಬೆಳಗಾಗೋವರೆಗೂ ಹಣೆ ಮೇಲಿನ ಒದ್ದೆ ಬಟ್ಟೆ ಬದಲಾಯಿಸ್ತಾ ಕೂತಿದ್ದೆ ನೀನು. ಆ ಕೈ ಈಗ ನಿನ್ನ ಮಗಳಿಗೆ ಸಿಕ್ಕಿದೆ. ಇಬ್ಬರೂ ಚೆನ್ನಾಗಿರಿ. ನಾಳೆ ಎಂಟು ಗಂಟೆಗೆ ನಿಮ್ಮಮ್ಮನಿಗೆ ಇಡ್ಲಿ, ಕಾಫಿ ತಂದು ಕೆಳಗೇ ಕೊಟ್ಟು ಹೋಗ್ತೀನಿ. ಇದಕ್ಕೆ ಉತ್ತರ ಬರೀಬೇಡ, ಮಲಕ್ಕೋ.”

ಒಂದೇ ನೆನಪು, ಅದರಿಂದ ಮಗುವಿಗೆ ಒಂದು ಸೇತುವೆ, ಒಂದು ಹಾರೈಕೆ, ಒಂದು ನೆರವು. “ಕೆಳಗೇ ಕೊಟ್ಟು ಹೋಗ್ತೀನಿ” ಎಂಬ ಮಾತನ್ನು ಯೋಚಿಸಿಯೇ ಸೇರಿಸಿದ್ದೆ, ನೋಡಲು ಬರುತ್ತಾಳೇನೋ, ಎದ್ದು ಕೂರಬೇಕೇನೋ ಎಂಬ ಆತಂಕ ಅವಳಿಗೆ ಆಗದಿರಲೆಂದು. ಉತ್ತರ ಬೇಡವೆಂದದ್ದೂ ಹಾಗೆಯೇ, ನಲವತ್ತು ಜನರಿಗೆ ಧನ್ಯವಾದ ಹೇಳುವ ಸಾಲದಿಂದ ಒಂದನ್ನಾದರೂ ಕಳೆಯಲೆಂದು. ಒಂಬತ್ತನೆಯ ದಿನ ಅವಳು ತಾನಾಗಿ ಬರೆದಳು: “ನಿನ್ನ ಮೆಸೇಜ್ ಅಮ್ಮನಿಗೆ ಓದಿ ಹೇಳ್ದೆ. ಆ ಒದ್ದೆ ಬಟ್ಟೆ ನನ್ನ ದುಪಟ್ಟಾ ಆಗಿತ್ತು, ನೆನಪಿದೆಯಾ?” ನನಗೆ ಅದು ನೆನಪಿರಲಿಲ್ಲ.

ಗೆಳೆಯನಿಗಾದರೆ

ತಂದೆಯಾದ ಗೆಳೆಯನಿಗೆ ಬರುವ ಸಂದೇಶಗಳು ಇನ್ನೂ ಬಡವಾಗಿರುತ್ತವೆ, “ಪಾರ್ಟಿ ಯಾವಾಗ ಮಗಾ” ಎಂಬಲ್ಲಿಗೆ ನಿಲ್ಲುತ್ತವೆ. ಅವನು ಹೆರಿಗೆ ಕೋಣೆಯ ಹೊರಗೆ ರಾತ್ರಿಯಿಡೀ ನಿಂತಿದ್ದಾನೆ, ಔಷಧಿ ಅಂಗಡಿಗೂ ಬಿಲ್ ಕಟ್ಟುವ ಕಿಟಕಿಗೂ ಓಡಾಡಿದ್ದಾನೆ. “ರಾತ್ರಿಯೆಲ್ಲಾ ನಿಂತೇ ಇದ್ಯಂತೆ, ಊಟ ಮಾಡಿದ್ಯಾ? ಗಾಡಿ ನಾನು ಓಡಿಸ್ತೀನಿ, ಡಿಸ್ಚಾರ್ಜ್ ದಿನ ಹೇಳು” ಎಂಬ ಎರಡು ಸಾಲು ಅವನಿಗೆ ಯಾರೂ ಬರೆಯದ ಸಂದೇಶವಾಗುತ್ತದೆ.

ಸುದ್ದಿಯಲ್ಲಿ ಏನೋ ಬಿಟ್ಟುಹೋದಂತೆ ಕಂಡಾಗ

ಬರೆಯುವ ಮೊದಲು ಬಂದ ಸುದ್ದಿಯನ್ನು ಎರಡು ಬಾರಿ ಓದಬೇಕು. ನಮ್ಮಲ್ಲಿ ಮಗು ಹುಟ್ಟಿದ ಸುದ್ದಿಯ ಜೊತೆ “ತಾಯಿ, ಮಗು ಕ್ಷೇಮ” ಎಂಬ ಮಾತು ತಾನಾಗಿ ಬರುತ್ತದೆ. ಅದು ಇಲ್ಲದಿದ್ದರೆ, ಹೇಳಿದ ತೂಕ 2.5 ಕೆ.ಜಿ.ಗಿಂತ ಕಡಿಮೆಯಿದ್ದರೆ, ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದರೆ, ಮಗು ವಿಶೇಷ ನಿಗಾ ಘಟಕದಲ್ಲಿರಬಹುದು. ವೈದ್ಯರ ಲೆಕ್ಕದಲ್ಲಿ 2.5ಕ್ಕಿಂತ ಕೆಳಗಿನದು ಕಡಿಮೆ ಜನನ ತೂಕ. ಅಂಥ ಹೊತ್ತಿನಲ್ಲಿ ಅವಳಿಗೆ ಬರೆಯುವ ಮೊದಲು ಅವಳ ತಂಗಿಯನ್ನೋ ಗಂಡನನ್ನೋ ಕೇಳುವುದು ಒಳಿತು. ಹೆರಿಗೆ ಸಹಜವೋ ಸಿಸೇರಿಯನ್ನೋ ಎಂದು ಮಾತ್ರ ಯಾವ ಸಂದರ್ಭದಲ್ಲೂ ಕೇಳಬಾರದು, ಬಹಳ ವರ್ಷ ಕಾದು ಆದ ಮಗುವಾದರೆ ಆ ಕಾಯುವಿಕೆಯನ್ನು ಅವಳಾಗಿ ಎತ್ತದೆ ನಾವು ಎತ್ತಬಾರದು.

ಮಗು ಘಟಕದಲ್ಲಿರುವಾಗ ಏನೂ ಬರೆಯದೆ ಸುಮ್ಮನಿರುವವರೇ ಹೆಚ್ಚು, ಶುಭಾಶಯ ಹೇಳಿದರೆ ತಪ್ಪಾದೀತೆಂಬ ಹೆದರಿಕೆಯಿಂದ. ಆದರೆ ಮಗು ಹುಟ್ಟಿದೆ, ಅವಳು ತಾಯಿಯಾಗಿದ್ದಾಳೆ, ಆ ಮಾತನ್ನು ಯಾರಾದರೂ ಅವಳಿಗೆ ಹೇಳಬೇಕು. ಅಂಥ ಒಬ್ಬ ಗೆಳತಿಗೆ ನಾನು ಬರೆದದ್ದು ಇಷ್ಟೇ: “ನಿನ್ನ ಮಗ ಬಂದಿದ್ದಾನೆ ಅಂತ ಗೊತ್ತಾಯ್ತು. ಅವನು ಒಳಗಿದ್ದಾನೆ ಅಂತಲೂ ಗೊತ್ತಾಯ್ತು. ಇವತ್ತು ಸಂಜೆ ಆರರಿಂದ ಎಂಟರವರೆಗೆ ನಾನು ಕೆಳಗೆ ಕ್ಯಾಂಟೀನ್‌ನಲ್ಲಿ ಇರ್ತೀನಿ. ಬರಬೇಕು ಅನ್ನಿಸಿದ್ರೆ ಬಾ, ಇಲ್ಲಾಂದ್ರೆ ಬೇಡ. ನಾಳೆನೂ ಇರ್ತೀನಿ.” ಅವಳು ಮೊದಲ ದಿನ ಬರಲಿಲ್ಲ. ಎರಡನೆಯ ದಿನ ಏಳೂವರೆಗೆ ಇಳಿದು ಬಂದಳು.